ಸೀಸನ್ ದುಡಿಮೆಗೆ ಹೊಂದುವ ಪಿಂಚಣಿ: ಅರ್ಧವಾರ್ಷಿಕ ಕಂತಿನಲ್ಲಿ ಅಟಲ್ ಪೆನ್ಶನ್ ನಡೆಸುವುದು ಹೇಗೆ

ಮಡಿಕೇರಿ, ಕುಶಾಲನಗರದ ಕಡೆಯಿಂದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. "ಜೀಪ್ ಓಡಿಸ್ತೀನಿ, ಅಕ್ಟೋಬರ್‌ನಿಂದ ಮೇ ತನಕ ಬಾಡಿಗೆ ಇರುತ್ತೆ, ಮಳೆ ಹಿಡಿದರೆ ಕೈ ಖಾಲಿ. ತಿಂಗಳು ತಿಂಗಳು ಕಟ್ಟೋ ಪಿಂಚಣಿ ನಮಗಾಗುತ್ತಾ?" ಹೋಂಸ್ಟೇಗೆ ಅಡುಗೆ ಮಾಡಿಕೊಡುವವರು, ಮನೆಯಲ್ಲೇ ಹೊಲಿಯುವವರು, ಊಟದ ಪಾರ್ಸೆಲ್ ಆ್ಯಪ್‌ಗೆ ಬೈಕ್ ಓಡಿಸುವವರು ಕೇಳುವುದೂ ಇದನ್ನೇ.

ಆಗುತ್ತದೆ. ಆದರೆ ಸಂಬಳದವರು ಕಟ್ಟುವ ರೀತಿಯಲ್ಲಿ ಕಟ್ಟಲು ಹೋಗಬಾರದು. ಕಂತು ಬೀಳುವ ತಿಂಗಳನ್ನು ನಿಮ್ಮ ಸೀಸನ್‌ಗೆ ಕೂಡಿಸಿಕೊಳ್ಳಬೇಕು. ಸೀಸನ್ ದುಡಿಮೆಯವರ ಪಿಂಚಣಿ ಖಾತೆ ನಿಂತುಹೋಗುವುದು ಹೆಚ್ಚಾಗಿ ಕಂತು ತಪ್ಪು ತಿಂಗಳಿಗೆ ಬಿದ್ದದ್ದರಿಂದ.

ಲೆಕ್ಕಕ್ಕೆ ಒಂದು ಮನೆ ಇಟ್ಟುಕೊಳ್ಳೋಣ. ಗಂಡನಿಗೆ 30 ವರ್ಷ, ಮಾಂದಲಪಟ್ಟಿ ಕಡೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪ್ ಇದೆ. ಖರ್ಚು ಕಳೆದು ಎಂಟು ತಿಂಗಳು ತಿಂಗಳಿಗೆ 22,000 ರೂಪಾಯಿ, ಮಳೆಗಾಲದ ನಾಲ್ಕು ತಿಂಗಳು 6,000 ಉಳಿಯುತ್ತದೆ. ಹೆಂಡತಿಗೆ 27 ವರ್ಷ, ಹೊಲಿಗೆಯಿಂದ ತಿಂಗಳಿಗೆ ಸುಮಾರು 6,000.

1. ಯಾವ ಯೋಜನೆ ಎಂದು ಮೊದಲು ತೀರ್ಮಾನಿಸಿ

18ರಿಂದ 40 ವರ್ಷದೊಳಗಿನವರಿಗೆ ಸರ್ಕಾರದ ಖಾತರಿ ಇರುವ ಎರಡು ದಾರಿಗಳಿವೆ.

ಒಂದು, 2015ರ ಮೇ 9ರಂದು ಶುರುವಾದ ಅಟಲ್ ಪೆನ್ಶನ್ ಯೋಜನೆ. 60 ತುಂಬಿದ ಮೇಲೆ ತಿಂಗಳಿಗೆ 1,000, 2,000, 3,000, 4,000 ಅಥವಾ 5,000 ರೂಪಾಯಿ, ಯಾವುದು ಬೇಕೋ ನೀವೇ ಆರಿಸಿಕೊಳ್ಳಬಹುದು. ಆದಾಯದ ಮಿತಿ ಇಲ್ಲ. ಆದರೆ 2022ರ ಅಕ್ಟೋಬರ್ 1ರಿಂದೀಚೆಗೆ ಆದಾಯ ತೆರಿಗೆ ಕಟ್ಟುವವರು, ಹಿಂದೆ ಕಟ್ಟಿದ್ದವರು ಸೇರುವಂತಿಲ್ಲ.

ಇನ್ನೊಂದು, 2019ರಲ್ಲಿ ಬಂದ ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್. ಇದು ಅಸಂಘಟಿತ ಕಾರ್ಮಿಕರಿಗೆ ಮಾತ್ರ. ತಿಂಗಳ ಆದಾಯ 15,000 ರೂಪಾಯಿ ಮೀರಬಾರದು. ಪಿಎಫ್, ಇಎಸ್‌ಐ ಅಥವಾ ಎನ್‌ಪಿಎಸ್ ಎಂಬ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯ ಸದಸ್ಯರಾಗಿರಬಾರದು. ಆದಾಯ ತೆರಿಗೆ ಕಟ್ಟುತ್ತಿರಬಾರದು. 60ರ ನಂತರ ತಿಂಗಳಿಗೆ 3,000 ಖಾತರಿ. ನೀವು ಕಟ್ಟಿದಷ್ಟನ್ನೇ ಕೇಂದ್ರ ಸರ್ಕಾರವೂ ಹಾಕುವುದರಿಂದ ಕಂತು ತೀರಾ ಕಡಿಮೆ. 30 ವರ್ಷದವರಿಗೆ ತಿಂಗಳಿಗೆ 105 ರೂಪಾಯಿ. ಅದೇ 3,000 ಪಿಂಚಣಿಗೆ ಅಟಲ್‌ನಲ್ಲಿ 347 ಬೇಕು.

ಹಾಗಿದ್ದರೆ ಎಲ್ಲರೂ ಮಾನ್‌ಧನ್ ಮಾಡಿಸಬಹುದಲ್ಲ ಎನ್ನಬೇಡಿ. ಮಾನ್‌ಧನ್‌ನಲ್ಲಿ ಪಿಂಚಣಿದಾರರು ತೀರಿಕೊಂಡರೆ ಗಂಡನಿಗೋ ಹೆಂಡತಿಗೋ ಅರ್ಧ, ಅಂದರೆ 1,500 ಮಾತ್ರ ಸಿಗುತ್ತದೆ. ಇಬ್ಬರ ಕಾಲವೂ ಮುಗಿದ ಮೇಲೆ ಮಕ್ಕಳಿಗೆ ಏನೂ ಇಲ್ಲ, ಉಳಿದ ಹಣ ನಿಧಿಗೇ ಹೋಗುತ್ತದೆ. ಅಟಲ್‌ನಲ್ಲಿ ಸಂಗಾತಿಗೆ ಅಷ್ಟೇ ಪಿಂಚಣಿ ಪೂರ್ತಿ ಮುಂದುವರಿಯುತ್ತದೆ, ಇಬ್ಬರ ನಂತರ ನಾಮಿನಿಗೆ ಇಡುಗಂಟು ಬರುತ್ತದೆ. 5,000ದ ಹಂತಕ್ಕೆ ಅದು 8.5 ಲಕ್ಷ ರೂಪಾಯಿ.

ನಮ್ಮ ಲೆಕ್ಕದ ಮನೆಗೆ ಬರೋಣ. ಗಂಡನ ವರ್ಷದ ಆದಾಯ 22,000ದ ಎಂಟು ಪಟ್ಟು, 6,000ದ ನಾಲ್ಕು ಪಟ್ಟು ಸೇರಿ 2,00,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 16,670. ಹಾಗಾಗಿ ಮಾನ್‌ಧನ್ ಇಲ್ಲ, ಅವರದು ಅಟಲ್. ಮಳೆಗಾಲದ ತಿಂಗಳನ್ನು ಮಾತ್ರ ತೋರಿಸಿ "ನನಗೆ ಆರೇ ಸಾವಿರ" ಎಂದು ಬರೆದುಕೊಡುವವರಿದ್ದಾರೆ. ಅಲ್ಲಿ ನೀವು ಕೊಡುವುದು ಸ್ವಯಂ ಘೋಷಣೆ, ಅದರ ಹೊಣೆ ನಿಮ್ಮ ಮೇಲೇ ಇರುತ್ತದೆ. ಹೆಂಡತಿಯ ಆದಾಯವನ್ನು ಬೇರೆಯಾಗಿ ನೋಡುತ್ತಾರೆ, ಆಕೆಗೆ ಮಾನ್‌ಧನ್ ಆಗುತ್ತದೆ. 27 ವರ್ಷಕ್ಕೆ ಕಂತು ತಿಂಗಳಿಗೆ 90 ರೂಪಾಯಿ. ಆಧಾರ್, ಪಾಸ್‌ಬುಕ್, ಮೊಬೈಲ್ ಹಿಡಿದು ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋದರೆ ಸಾಕು. ಮೊದಲ ಕಂತು ಅಲ್ಲೇ ನಗದು, ಆಮೇಲಿನದು ಖಾತೆಯಿಂದ ತಾನಾಗಿ ಕಡಿತವಾಗುತ್ತದೆ.

ತೋಟದಲ್ಲಿ ಖಾಯಂ ಕೆಲಸದಲ್ಲಿದ್ದು ಪಿಎಫ್ ಕಡಿತವಾಗುತ್ತಿರುವವರು ಮಾನ್‌ಧನ್ ಕೇಂದ್ರಕ್ಕೆ ಹೋಗಿ ಪ್ರಯೋಜನವಿಲ್ಲ. ಅವರು ಅಟಲ್‌ಗೆ ಸೇರಬಹುದು.

ಡೆಲಿವರಿ, ಟ್ಯಾಕ್ಸಿ ಆ್ಯಪ್‌ನವರಿಗೆ ಒಂದು ಮಾತು. ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾನೂನು ಬಂದಿದೆ. ನಿಮಗೆ ಕೊಡುವ ಪ್ರತಿ ಪಾವತಿಯ ಮೇಲೆ ಕಂಪನಿ ಶೇ. 1ರಿಂದ 5ರ ತನಕ ಕಲ್ಯಾಣ ಶುಲ್ಕ ಕಟ್ಟಬೇಕು ಎನ್ನುತ್ತದೆ ಅದು. ನೋಂದಣಿ ಮಾಡಿಸಿಕೊಳ್ಳಿ, eshram.gov.in ನಲ್ಲೂ ಮಾಡಿಸಿ. ಆದರೆ ಆ ಶುಲ್ಕ ಹೋಗುವುದು ಒಟ್ಟು ಕಲ್ಯಾಣ ನಿಧಿಗೆ. ನಿಮ್ಮ ಹೆಸರಿನ ಪಿಂಚಣಿ ಖಾತೆ ಅದಲ್ಲ. "ಕಂಪನಿ ಕಟ್ಟುತ್ತಲ್ಲ" ಎಂದು ಕುಳಿತರೆ 60ಕ್ಕೆ ಕೈಗೆ ಬರುವ ಖಾತರಿಯ ಮೊತ್ತ ಅಂತ ಏನೂ ಇರುವುದಿಲ್ಲ.

2. ತೆರಿಗೆಯ ಗೊಂದಲ ಬಗೆಹರಿಸಿಕೊಳ್ಳಿ

ಆ್ಯಪ್ ಕಂಪನಿ ನಿಮ್ಮ ಹಣದಲ್ಲಿ ಟಿಡಿಎಸ್ ಹಿಡಿದಿರಬಹುದು. ಟಿಡಿಎಸ್ ಎಂದರೆ ಹಣ ಕೊಡುವವರೇ ತೆರಿಗೆಯ ಲೆಕ್ಕಕ್ಕೆ ಮೊದಲೇ ಮುರಿದುಕೊಳ್ಳುವ ಪಾಲು. ಅದನ್ನು ವಾಪಸ್ ಪಡೆಯಲು ರಿಟರ್ನ್ ಸಲ್ಲಿಸಿದ ಮಾತ್ರಕ್ಕೆ ನೀವು ಅಟಲ್‌ಗೆ ಅನರ್ಹರಾಗುವುದಿಲ್ಲ. ಕಾನೂನಿನ ಪ್ರಕಾರ ತೆರಿಗೆ ಕಟ್ಟಬೇಕಾದವರೇ ಎಂಬುದಷ್ಟೇ ಪ್ರಶ್ನೆ. ಸೇರುವ ದಿನಕ್ಕೆ ಮುಂಚೆ ನೀವು ತೆರಿಗೆದಾರರಾಗಿದ್ದುದು ಆಮೇಲೆ ಗೊತ್ತಾದರೆ ಖಾತೆ ಮುಚ್ಚಿ ಅಲ್ಲಿಯ ತನಕ ಸೇರಿದ ಹಣವನ್ನು ಹಿಂದಿರುಗಿಸುತ್ತಾರೆ. ಪಿಂಚಣಿ ಇಲ್ಲ, ಅಷ್ಟು ವರ್ಷವೂ ಹೋಯಿತು. ಸೇರಿದ ನಂತರ ಆದಾಯ ಹೆಚ್ಚಿ ತೆರಿಗೆ ಕಟ್ಟುವಂತಾದರೆ ಅಡ್ಡಿಯಿಲ್ಲ.

3. ಎಷ್ಟು ಪಿಂಚಣಿ, ಯಾವ ವಯಸ್ಸಿಗೆ

ಕಂತು ನಿಗದಿಯಾಗುವುದು ಸೇರುವ ದಿನದ ವಯಸ್ಸಿನ ಮೇಲೆ, ಕೊನೆಯ ತನಕ ಅದೇ ಇರುತ್ತದೆ. 5,000 ಪಿಂಚಣಿಗೆ ತಿಂಗಳ ಕಂತು 25 ವರ್ಷದವರಿಗೆ 376, 30ಕ್ಕೆ 577, 31ಕ್ಕೆ 630, 35ಕ್ಕೆ 902. ಹುಟ್ಟುಹಬ್ಬ ಹತ್ತಿರವಿದ್ದರೆ ಅದಕ್ಕಿಂತ ಮೊದಲೇ ಫಾರಂ ಕೊಡಿ. ಒಂದು ವಾರದ ಉದಾಸೀನಕ್ಕೆ ಇಪ್ಪತ್ತೊಂಬತ್ತು ವರ್ಷ ತಿಂಗಳಿಗೆ 53 ರೂಪಾಯಿ ಹೆಚ್ಚು ಕಟ್ಟುವುದು ಯಾಕೆ?

ದೇಶದಲ್ಲಿ ಈ ಯೋಜನೆಗೆ ಸೇರಿದವರಲ್ಲಿ ಬಹುಪಾಲು ಜನ 1,000ದ ಹಂತದಲ್ಲಿದ್ದಾರೆ. ಬ್ಯಾಂಕಿನಲ್ಲಿ ತರಾತುರಿಯಲ್ಲಿ ಫಾರಂ ತುಂಬಿಸುವಾಗ ಆ ಚೌಕಕ್ಕೇ ಗುರುತು ಬೀಳುವುದುಂಟು. ಸಹಿ ಹಾಕುವ ಮುಂಚೆ ಆ ಸಾಲನ್ನು ನೀವೇ ಓದಿ. ವರ್ಷಕ್ಕೊಮ್ಮೆ ಪಿಂಚಣಿಯ ಹಂತ ಏರಿಸಲು, ಇಳಿಸಲು ಅವಕಾಶವಿದೆ. ಆದರೆ ತಡವಾಗಿ ಏರಿಸಿದರೆ ಹಿಂದಿನ ವರ್ಷಗಳ ವ್ಯತ್ಯಾಸವನ್ನು ಬಡ್ಡಿ ಸೇರಿಸಿ ಒಟ್ಟಿಗೆ ತುಂಬಬೇಕು.

4. ಕಂತಿನ ತಿಂಗಳು ಆರಿಸಿ

ಅಟಲ್‌ನಲ್ಲಿ ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಕಟ್ಟಬಹುದು. 30 ವರ್ಷಕ್ಕೆ ಸೇರಿ 5,000 ಆರಿಸಿದರೆ ಕಂತು ಕ್ರಮವಾಗಿ 577, 1,720 ಮತ್ತು 3,405 ರೂಪಾಯಿ. ಅರ್ಧವಾರ್ಷಿಕದಲ್ಲಿ ವರ್ಷಕ್ಕೆ 114 ರೂಪಾಯಿ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾದುದು, ವರ್ಷದಲ್ಲಿ ಎರಡೇ ಸಲ ಖಾತೆಯಲ್ಲಿ ಹಣ ಇದ್ದರೆ ಸಾಕು.

ಆ ಎರಡು ಸಲ ಯಾವಾಗ? ಅರ್ಧವಾರ್ಷಿಕ ಕಂತನ್ನು ಆ ಅರ್ಧ ವರ್ಷದ ಮೊದಲ ತಿಂಗಳಲ್ಲಿ ಯಾವ ದಿನ ಬೇಕಾದರೂ ಕಟ್ಟಬಹುದು. ಜನವರಿಯಲ್ಲಿ ಶುರುಮಾಡಿದವರಿಗೆ ಮುಂದಿನ ಕಂತು ಜುಲೈ. ಕಕ್ಕಡ ಹಿಡಿಯುವ ಹೊತ್ತು, ಮಾಂದಲಪಟ್ಟಿ ದಾರಿಯಲ್ಲಿ ಮಂಜು ಬಿಟ್ಟರೆ ಬೇರೇನೂ ಕಾಣದ ಸಮಯ. ಡಿಸೆಂಬರ್‌ನಲ್ಲಿ ಶುರುಮಾಡಿದರೆ ಜೂನ್, ಅದೂ ಬೇಡ. ಕೈ ತುಂಬಿದಾಗ ಹೊಳೆದದ್ದು ಎಂದು ಡಿಸೆಂಬರ್, ಜನವರಿಯಲ್ಲಿ ಸೇರಿದವರೇ ಹೆಚ್ಚಾಗಿ ಮಳೆಗಾಲದಲ್ಲಿ ಬಾಕಿ ಬೀಳುವುದು.

ಪ್ರವಾಸಿಗರನ್ನು ನೆಚ್ಚಿದವರಿಗೆ ಮೇ ಮತ್ತು ನವೆಂಬರ್ ಜೋಡಿ ಒಳ್ಳೆಯದು. ಮೇನಲ್ಲಿ ಬೇಸಿಗೆ ರಜೆಯ ಬಾಡಿಗೆ ಕೈಲಿರುತ್ತದೆ. ನವೆಂಬರ್ ಹೊತ್ತಿಗೆ ದಸರಾ, ತುಲಾ ಸಂಕ್ರಮಣ, ದೀಪಾವಳಿಯ ಓಡಾಟ ಮುಗಿದಿರುತ್ತದೆ. ಕಾಫಿ ಕುಯ್ಲಿನ ಕೂಲಿಯನ್ನೇ ನಂಬಿದವರ ಕಥೆ ಬೇರೆ. ಅರೇಬಿಕಾ, ರೊಬಸ್ಟಾ, ಕರಿಮೆಣಸು ಎಲ್ಲ ಸೇರಿ ದುಡಿಮೆ ನವೆಂಬರ್‌ನಿಂದ ಏಪ್ರಿಲ್ ಒಳಗೆ ಮುಗಿಯುತ್ತದೆ. ಆರು ತಿಂಗಳ ಅಂತರದಲ್ಲಿ ಎರಡು ಒಳ್ಳೆಯ ತಿಂಗಳು ಅವರಿಗೆ ಸಿಗುವುದೇ ಇಲ್ಲ. ಅವರು ಏಪ್ರಿಲ್–ಅಕ್ಟೋಬರ್ ಇಟ್ಟುಕೊಂಡು, ಏಪ್ರಿಲ್‌ನಲ್ಲೇ ಎರಡೂ ಕಂತಿನ ಹಣವನ್ನು ಖಾತೆಗೆ ಹಾಕಿ ಅಲ್ಲೇ ಬಿಡಬೇಕು.

ಬ್ಯಾಂಕಿನಲ್ಲಿ ಸಹಿ ಹಾಕುವ ಮುಂಚೆ "ಈಗ ಶುರುಮಾಡಿದರೆ ಮುಂದಿನ ಕಂತು ಯಾವ ತಿಂಗಳು ಬೀಳುತ್ತೆ?" ಎಂದು ಕೇಳಿ, ಉತ್ತರವನ್ನು ಪಾಸ್‌ಬುಕ್‌ನ ಹಿಂದೆ ಬರೆದುಕೊಳ್ಳಿ.

5. ಖಾತೆ ತೆರೆಯುವಾಗ

ಬೇಕಾದದ್ದು ಆಧಾರ್, ಮೊಬೈಲ್ ಸಂಖ್ಯೆ, ಬ್ಯಾಂಕ್ ಅಥವಾ ಅಂಚೆ ಕಚೇರಿಯ ಉಳಿತಾಯ ಖಾತೆ, ಸಂಗಾತಿಯ ಮತ್ತು ನಾಮಿನಿಯ ವಿವರ. ಸಹಕಾರ ಸಂಘದ ಠೇವಣಿ ಖಾತೆ ಇದಕ್ಕೆ ನಡೆಯುವುದಿಲ್ಲ. ಮದುವೆಯಾದವರಿಗೆ ಸಂಗಾತಿಯೇ ತಾನಾಗಿ ನಾಮಿನಿ. ಒಬ್ಬರಿಗೆ ಒಂದೇ ಅಟಲ್ ಖಾತೆ. ತೆರೆದ ಮೇಲೆ ಪ್ರಾನ್ ಎಂಬ ಶಾಶ್ವತ ಸಂಖ್ಯೆ ಬರುತ್ತದೆ, ಅದನ್ನು ಮನೆಯವರಿಗೂ ತಿಳಿಸಿಡಿ.

ನಮ್ಮ ಜಿಲ್ಲೆಯಲ್ಲಿ ತಪ್ಪದೆ ನೋಡಬೇಕಾದದ್ದು ಹೆಸರು. ಆಧಾರ್‌ನಲ್ಲಿ ಮನೆತನದ ಹೆಸರು ಪೂರ್ತಿಯಾಗಿ ಮೊದಲು ಬಂದು, ಪಾಸ್‌ಬುಕ್‌ನಲ್ಲಿ ಅದು ಒಂದೇ ಇನಿಷಿಯಲ್ ಆಗಿ, ಹೆಂಡತಿಯ ಆಧಾರ್‌ನಲ್ಲಿ ಇನ್ನೂ ತವರಿನ ಮನೆತನದ ಹೆಸರೇ ಉಳಿದಿರುತ್ತದೆ. ಕಂತು ಕಟ್ಟುವಾಗ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂದೆ ಹೆಂಡತಿ ಪಿಂಚಣಿ ಕೇಳಲು ಹೋದಾಗ ಕಾಗದಪತ್ರ ಅಲ್ಲೇ ನಿಲ್ಲುತ್ತದೆ. ಮೂರು ಕಡೆಯ ಹೆಸರನ್ನೂ ಮೊದಲೇ ಒಂದೇ ಥರ ಮಾಡಿಸಿಕೊಂಡು ಆಮೇಲೆ ಫಾರಂ ತುಂಬಿ.

6. ಹಣ ಸೇರಿಸುವ ಲೆಕ್ಕ

ಪಿಂಚಣಿಗೆಂದೇ ಬೇರೆ ಉಳಿತಾಯ ಖಾತೆ ಇಡಿ. ಕನಿಷ್ಠ ಶಿಲ್ಕು ಬೇಡದ ಜನಧನ್ ಥರದ ಖಾತೆ ಇದ್ದರೆ ಒಳ್ಳೆಯದು. ಜೀಪಿನ ಸಾಲದ ಕಂತು ಕಡಿತವಾಗುವ ಖಾತೆಯನ್ನೇ ಇದಕ್ಕೂ ಕೊಟ್ಟರೆ, ಸಾಲದ ಕಂತು ಹೋದ ಮೇಲೆ ಪಿಂಚಣಿಗೆ ಏನೂ ಉಳಿಯದ ದಿನಗಳು ಬರುತ್ತವೆ.

ಚಾಲಕರ ಲೆಕ್ಕ ಹೀಗೆ. ವರ್ಷಕ್ಕೆ ಎರಡು ಕಂತು, 6,810 ರೂಪಾಯಿ. ಸೀಸನ್‌ನ ಎಂಟು ತಿಂಗಳಲ್ಲಿ ತಿಂಗಳಿಗೆ ಇಪ್ಪತ್ತು ದಿನ ಬಾಡಿಗೆ ಎಂದರೆ 160 ದಿನ. ದಿನಕ್ಕೆ ಸುಮಾರು 43 ರೂಪಾಯಿ ಆಯಿತು. ಬಾಡಿಗೆ ಮುಗಿದ ಸಂಜೆ 45 ರೂಪಾಯಿಯನ್ನು ಯುಪಿಐನಲ್ಲಿ ಆ ಖಾತೆಗೆ ಕಳಿಸಿಬಿಡಿ. ಬಾಡಿಗೆ ಇಲ್ಲದ ದಿನ ಕಳಿಸಬೇಕಾಗಿಲ್ಲ. ನವೆಂಬರ್ ಕಂತಿಗೆ ಅಕ್ಟೋಬರ್ ಒಂದೇ ತಿಂಗಳ ದುಡಿಮೆ ಸಾಲದು, ಮೇ ಕಂತು ಹೋದ ಮೇಲೆ ಖಾತೆಯಲ್ಲಿ ಏನಾದರೂ ಉಳಿದಿರಬೇಕು. ಹಾಗಾಗಿ ಮೊದಲ ವರ್ಷ ಮಾತ್ರ ಒಂದು ಕಂತಿನಷ್ಟು, ಅಂದರೆ 3,500 ರೂಪಾಯಿ, ಮುಂಗಡ ಹಾಕಿಡಿ. ಆಮೇಲೆ ಚಕ್ರ ತಾನಾಗಿ ತಿರುಗುತ್ತದೆ.

ಮೇ ತಿಂಗಳ ಒಂದು ಬಲೆ ಗಮನಿಸಿ. ಅದೇ ಖಾತೆಗೆ ಸರ್ಕಾರದ ಅಪಘಾತ ವಿಮೆ (20 ರೂಪಾಯಿ) ಮತ್ತು ಜೀವನ ಜ್ಯೋತಿ ವಿಮೆ (436 ರೂಪಾಯಿ) ಜೋಡಿಸಿದ್ದರೆ ಅವುಗಳ ವರ್ಷದ ಕಂತೂ ಮೇ ಕೊನೆಗೇ ಕಡಿತವಾಗುತ್ತದೆ. ಖಾತೆಯಲ್ಲಿ 3,405 ಇದೆ ಎಂದು ನೀವು ನಿಶ್ಚಿಂತೆಯಿಂದಿರುತ್ತೀರಿ. ವಿಮೆಯ 456 ಮೊದಲು ಹೋಗಿ, ಪಿಂಚಣಿಗೆ ಅಷ್ಟೇ ಕಡಿಮೆ ಬೀಳುತ್ತದೆ. ಮೇನಲ್ಲಿ ಕನಿಷ್ಠ 3,900 ಇರಲಿ.

7. ಕಂತು ತಪ್ಪಿದರೆ

ತಪ್ಪಿದ ಪ್ರತಿ 100 ರೂಪಾಯಿಗೆ, ಅಥವಾ ಅದರ ಭಾಗಕ್ಕೆ, ತಿಂಗಳಿಗೆ 1 ರೂಪಾಯಿ ತಡಬಡ್ಡಿ. 3,405ಕ್ಕೆ ತಿಂಗಳಿಗೆ 35 ರೂಪಾಯಿ. ಮೂರು ತಿಂಗಳು ತಡವಾದರೆ 105. ಈ ಬಡ್ಡಿ ಸೇರುವುದು ನಿಮ್ಮ ಪಿಂಚಣಿ ಹಣಕ್ಕೇ, ಆದ್ದರಿಂದ ಗಾಬರಿ ಬೇಡ.

ತೊಂದರೆ ಕೊಡುವುದು ಬಾಕಿ ವಸೂಲಾಗುವ ರೀತಿ. ಖಾತೆಗೆ ಹಣ ಬಿದ್ದೊಡನೆ ಬ್ಯಾಂಕ್ ಬಾಕಿಯನ್ನೆಲ್ಲ ಒಟ್ಟಿಗೆ ಎಳೆದುಕೊಳ್ಳಬಹುದು. ಮಗುವಿನ ಶಾಲೆ ಶುಲ್ಕಕ್ಕೆಂದು ಹಾಕಿದ 5,000ದಲ್ಲಿ 3,500 ಮಾಯವಾಗಿರುತ್ತದೆ. ಬಾಕಿ ಇರುವಾಗ ಆ ಖಾತೆಗೆ ಬೇರೆ ಕೆಲಸದ ಹಣ ಹಾಕಲೇಬೇಡಿ. ಬೇರೆ ಖಾತೆ ಇಡಿ ಎಂದದ್ದು ಇದಕ್ಕೂ ಸೇರಿಸಿಯೇ.

ಕಟ್ಟುವುದನ್ನೇ ಬಿಟ್ಟರೆ ನಿರ್ವಹಣಾ ಶುಲ್ಕ ನಿಮ್ಮ ಹಣದಿಂದಲೇ ಕಳೆಯುತ್ತಾ ಹೋಗುತ್ತದೆ, ಹಣ ಮುಗಿದಾಗ ಖಾತೆಯೂ ಮುಗಿಯಿತು. ವರ್ಷ ನಿಜಕ್ಕೂ ಕೆಟ್ಟಿದ್ದರೆ, ರಸ್ತೆ ಕುಸಿದು ಸೀಸನ್ನೇ ಬರದಿದ್ದರೆ, ನಿಲ್ಲಿಸುವುದಕ್ಕಿಂತ ಹಂತ ಇಳಿಸುವುದು ಮೇಲು. ಮಧ್ಯದಲ್ಲಿ ಹೊರಬಂದರೆ ನೀವು ಕಟ್ಟಿದ್ದು ಮತ್ತು ಅದರ ಮೇಲೆ ನಿಜವಾಗಿ ಬಂದ ಗಳಿಕೆಯಲ್ಲಿ ಶುಲ್ಕ ಕಳೆದು ಕೈಗೆ ಬರುತ್ತದೆ. ಖಾತರಿ ಪಿಂಚಣಿಯ ಮಾತು ಅಲ್ಲಿಗೆ ಮುಗಿಯುತ್ತದೆ.

ಕಂತು ನಿಜವಾಗಿ ಹೋಯಿತೇ ಎಂದು ಮೇ ಮತ್ತು ನವೆಂಬರ್ ಕೊನೆಯಲ್ಲಿ ಉಮಂಗ್ ಆ್ಯಪ್‌ನಲ್ಲಿ ನೋಡಿ. ಎಸ್ಸೆಮ್ಮೆಸ್ ಅನ್ನೇ ನಂಬಿ ಕೂರಬೇಡಿ. ಸಿಮ್ ಬದಲಾಯಿಸಿ ಬ್ಯಾಂಕಿಗೆ ತಿಳಿಸದವರಿಗೆ ಅದೂ ಬರುವುದಿಲ್ಲ.

8. ಐದು ಸಾವಿರದ ಮೇಲೆ ಇನ್ನೊಂದು ಪದರ

5,000 ಎಂಬುದು 30 ವರ್ಷದ ನಂತರದ 5,000. ಬೆಲೆ ವರ್ಷಕ್ಕೆ ಶೇ. 6ರಂತೆ ಏರುತ್ತಾ ಹೋದರೆ ಅದರಲ್ಲಿ ಆಗ ಕೊಳ್ಳಬಹುದಾದದ್ದು ಇವತ್ತಿನ ಸುಮಾರು 870 ರೂಪಾಯಿಯಷ್ಟು. ಆದ್ದರಿಂದ ಅಟಲ್ ಒಂದರಲ್ಲೇ ಮುಪ್ಪು ಕಳೆಯುವ ಲೆಕ್ಕ ಹಾಕಬೇಡಿ.

ಒಳ್ಳೆಯ ಸೀಸನ್ನಿನ ಹೆಚ್ಚುವರಿ ಹಣಕ್ಕೆ ಎನ್‌ಪಿಎಸ್ ಖಾತೆ ಹೊಂದುತ್ತದೆ. ಇಲ್ಲಿ ಕಂತೆಂಬುದೇ ಇಲ್ಲ. ಒಮ್ಮೆಗೆ 500ಕ್ಕೆ ಕಡಿಮೆ ಇಲ್ಲದಂತೆ, ವರ್ಷಕ್ಕೆ ಒಟ್ಟು 1,000 ಆದರೂ ಹಾಕಿದರೆ ಖಾತೆ ಚಾಲ್ತಿಯಲ್ಲಿರುತ್ತದೆ. ಅಟಲ್ ಇದ್ದವರೂ ತೆರೆಯಬಹುದು. ವರ್ಷಕ್ಕೆ 12,000ದಂತೆ 30 ವರ್ಷ ಹಾಕಿ, ಗಳಿಕೆ ಸರಾಸರಿ ಶೇ. 8 ಬಂದರೆ ಸುಮಾರು 13.6 ಲಕ್ಷ ಆಗುತ್ತದೆ. ಆ ಶೇ. 8ಕ್ಕೆ ಯಾರ ಖಾತರಿಯೂ ಇಲ್ಲ, ಮಾರುಕಟ್ಟೆಯ ಮೇಲೆ ನಿಂತದ್ದು ಅದು. ಮೊತ್ತ ದೊಡ್ಡದಿದ್ದರೆ ಕೊನೆಯಲ್ಲಿ ಒಂದು ಪಾಲಿನಿಂದ ಆನ್ಯುಟಿ, ಅಂದರೆ ವಿಮಾ ಕಂಪನಿ ತಿಂಗಳು ತಿಂಗಳು ಕೊಡುವ ಪಿಂಚಣಿಯನ್ನು ಕೊಳ್ಳಬೇಕಾಗುತ್ತದೆ. 40 ದಾಟಿದವರಿಗೆ ಅಟಲ್, ಮಾನ್‌ಧನ್ ಎರಡೂ ಮುಚ್ಚಿರುವುದರಿಂದ ಅವರು ನೇರ ಇಲ್ಲಿಂದಲೇ ಶುರುಮಾಡಬೇಕು.

ಹೊಲಿಗೆಯ ಆ ಹೆಂಡತಿಯ ಹೆಸರಿನಲ್ಲಿ ಮಾತ್ರ ಮಾನ್‌ಧನ್‌ಗೆ ಮುಂಚೆ ಎನ್‌ಪಿಎಸ್ ತೆರೆಯಬೇಡಿ. ಎನ್‌ಪಿಎಸ್ ಸದಸ್ಯೆಯಾದರೆ ಮಾನ್‌ಧನ್‌ನ ಬಾಗಿಲು ಮುಚ್ಚಿತು. ಈ ಪದರ ಗಂಡನ ಹೆಸರಿನಲ್ಲೇ ಇರಲಿ.

9. ಕ್ಲೇಮಿನ ಹೊತ್ತಿಗೆ

60 ತುಂಬಿದ ದಿನ ಅಟಲ್ ಪಿಂಚಣಿ ತಾನಾಗಿ ಬರಲು ಶುರುವಾಗುವುದಿಲ್ಲ. ಖಾತೆ ಇರುವ ಬ್ಯಾಂಕಿಗೆ ಅರ್ಜಿ ಕೊಡಬೇಕು. ಅದಕ್ಕೆ ಮೊದಲೇ ಗಂಡ ತೀರಿಕೊಂಡರೆ ಹೆಂಡತಿಗೆ ಎರಡು ಆಯ್ಕೆ: ಸೇರಿದ ಹಣ ತೆಗೆದುಕೊಳ್ಳುವುದು, ಇಲ್ಲವೇ ಗಂಡನಿಗೆ 60 ಆಗಬೇಕಿದ್ದ ದಿನದ ತನಕ ತಾನೇ ಕಂತು ಕಟ್ಟಿ, ನಂತರ ಜೀವನಪೂರ್ತಿ ಅದೇ 5,000 ಪಡೆಯುವುದು. ನಮ್ಮ ಲೆಕ್ಕದ ಮನೆಯಲ್ಲಿ ಆಕೆ ಎರಡನೆಯದನ್ನು ಆರಿಸಿದರೆ, ತನ್ನ ಮಾನ್‌ಧನ್ ಸೇರಿ ತನ್ನ 60ರ ನಂತರ ತಿಂಗಳಿಗೆ 8,000 ಆಗುತ್ತದೆ. ದುಃಖದ ಮನೆಯಲ್ಲಿ ಬ್ಯಾಂಕಿನವರು ಮೊದಲು ಮುಂದಿಡುವುದು ಹಣ ವಾಪಸಿನ ಫಾರಂ ಆಗಿರಬಹುದು. ಇನ್ನೊಂದು ಆಯ್ಕೆಯೂ ಇದೆ ಎಂದು ಆಕೆಗೆ ಈಗಲೇ ಹೇಳಿಡಿ, ಪ್ರಾನ್ ಸಂಖ್ಯೆಯ ಪಕ್ಕದಲ್ಲೇ ಒಂದು ಸಾಲು ಬರೆದಿಡಿ.